‘ಅವರು’ ಇಂಗ್ಲಿಷಿಗೆ ಹೋಗುವ ದಾರಿ

‘ಸರೋಜಮ್ಮನವರು ಬಂದರು.’ ಎರಡೇ ಪದಗಳ ಈ ವಾಕ್ಯದಲ್ಲಿ ಗೌರವ ಮೂರು ಕಡೆ ಕೂತಿದೆ. ಸರೋಜ ಎಂಬ ಹೆಸರಿಗೆ ಸೇರಿದ ‘ಅಮ್ಮ’ನಲ್ಲಿ ಒಂದು ಪಾಲು, ಅದರ ಮೇಲೆ ಬಂದ ‘ಅವರು’ವಿನಲ್ಲಿ ಇನ್ನೊಂದು, ‘ಬಂದಳು’ ಎನ್ನದೆ ‘ಬಂದರು’ ಎಂದ ಕ್ರಿಯಾಪದದಲ್ಲಿ ಮತ್ತೊಂದು. ಮುಂದಿನ ವಾಕ್ಯದಲ್ಲಿ ಅವರು ಕಾಫಿ ಕುಡಿದರೆ ‘ಕುಡಿದರು’, ಎದ್ದು ಹೋದರೆ ‘ಹೋದರು’. ಹಿರಿಯರೊಬ್ಬರ ಬಗ್ಗೆ ಒಂದು ಪುಟ ಬರೆದರೆ ಪ್ರತಿ ವಾಕ್ಯದ ಕೊನೆಯಲ್ಲೂ ಮರ್ಯಾದೆ ಸಲ್ಲುತ್ತಲೇ ಇರುತ್ತದೆ, ಓದುವವರ ಕಿವಿಗೆ ಅದು ಬೀಳುವುದೂ ಇಲ್ಲ.

ಇಂಗ್ಲಿಷಿಗೆ ಅನುವಾದಿಸುವವರು ಮೊದಲು ಎಡವುವುದು ಇಲ್ಲಿಯೇ. ಕನ್ನಡದಲ್ಲಿ ಕಿವಿಗೆ ಬೀಳದಂತಿರುವ ಈ ಗೌರವವನ್ನು ಅವರು ಒಂದೊಂದಾಗಿ ಹೆಕ್ಕಿ ‘ರೆಸ್ಪೆಕ್ಟೆಡ್’, ‘ಆನರಬಲ್’, ‘ಶ್ರೀಮತಿ’, ‘ಜೀ’ ಎಂದು ಜೋಡಿಸುತ್ತಾರೆ. ಊರಿನ ಸನ್ಮಾನ ಸಮಾರಂಭದ ವರದಿ ಇಂಗ್ಲಿಷಿನಲ್ಲಿ ಆಸ್ಥಾನದ ಬಿನ್ನವತ್ತಳೆಯಾಗಿಬಿಡುತ್ತದೆ. ಮೂಲದಲ್ಲಿ ಸಹಜವಾಗಿದ್ದುದು ಅನುವಾದದಲ್ಲಿ ಎದ್ದು ಕಂಡರೆ ಅದು ನಿಷ್ಠೆಯಲ್ಲ, ತಪ್ಪು ಅನುವಾದ ಎಂದೇ ನನ್ನ ಅಭಿಪ್ರಾಯ.

ಅಂಥ ವರದಿಯ ಮೂರು ಸಾಲುಗಳನ್ನೇ ನೋಡೋಣ. ‘ಅಧ್ಯಕ್ಷತೆ ವಹಿಸಿದ್ದ ನಿವೃತ್ತ ಶಿಕ್ಷಕರಾದ ಶ್ರೀಮತಿ ಸರೋಜಮ್ಮನವರು ಮಾತನಾಡಿದರು. ಅವರು ತಮ್ಮ ಗುರುಗಳನ್ನು ನೆನೆದರು. ಗುರುಗಳು ಮಳೆಗಾಲದಲ್ಲೂ ಹೊಳೆ ದಾಟಿ ಶಾಲೆಗೆ ಬರುತ್ತಿದ್ದರು ಎಂದರು.’

ಸರೋಜಮ್ಮನವರ ಹೆಸರಿನ ಮುಂದೆ ಏನು ಬರಬೇಕು? ‘ಮಿಸೆಸ್’ ಎಂದು ಕೈ ತಾನಾಗಿ ಬರೆಯುತ್ತದೆ. ಆದರೆ ಇಂಗ್ಲಿಷಿನ ಹಳೆಯ ರೂಢಿಯಲ್ಲಿ ‘ಮಿಸೆಸ್’ ಬರುವುದು ಗಂಡನ ಮನೆತನದ ಹೆಸರಿನ ಮುಂದೆ. ಸರೋಜಮ್ಮ ಎಂಬುದು ಅವರ ಸ್ವಂತ ಹೆಸರು. ಮದುವೆಯ ಮಾತೆತ್ತದ ‘ಮಿಜ್’ ಇಲ್ಲಿ ಹೆಚ್ಚು ಹೊಂದುತ್ತದೆ. ನಮ್ಮ ಹೆಸರುಗಳಲ್ಲಿ ಮನೆತನದ ಹೆಸರು ಇರಲೇಬೇಕೆಂದಿಲ್ಲ, ಇನಿಷಿಯಲ್ಲುಗಳಿರುತ್ತವೆ. ಯು.ಆರ್. ಅನಂತಮೂರ್ತಿ ಎಂಬಲ್ಲಿ ಯು ಎಂದರೆ ಉಡುಪಿ, ಆರ್ ಎಂದರೆ ತಂದೆ ರಾಜಗೋಪಾಲಾಚಾರ್ಯ. ಹಾಗಾಗಿ ‘ಮಿಸ್ಟರ್’, ‘ಪ್ರೊಫೆಸರ್’ ಯಾವುದೇ ಇರಲಿ, ಅದು ಸೇರಬೇಕಾದದ್ದು ‘ಅನಂತಮೂರ್ತಿ’ಗೆ.

ಬಿರುದನ್ನು ಎಷ್ಟು ಸಲ ಹೇಳಬೇಕು ಎಂಬುದಕ್ಕೆ ಪ್ರಕಟವಾಗುವ ಜಾಗ ನೋಡಬೇಕು. ‘ದಿ ಹಿಂದೂ’ ಪತ್ರಿಕೆ, ಅಮೆರಿಕದ ‘ನ್ಯೂಯಾರ್ಕ್ ಟೈಮ್ಸ್’ ಎರಡನೆಯ ಉಲ್ಲೇಖದಿಂದ ‘ಮಿಸ್ಟರ್’, ‘ಮಿಜ್’ ಬಳಸುತ್ತವೆ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಬರೀ ಹೆಸರು ಬರೆಯುತ್ತದೆ. ‘ಅನಂತಮೂರ್ತಿ ಹೇಳಿದ’ ಎಂದರೆ ನಮಗೆ ಎದೆ ಚುರುಕ್ಕೆನ್ನುತ್ತದೆ, ಆದರೆ ಇಂಗ್ಲಿಷಿನ ಬರೀ ಹೆಸರು ಏಕವಚನವಲ್ಲ. ಅದರಲ್ಲಿ ಅಗೌರವವೂ ಇಲ್ಲ, ವಿಶೇಷ ಗೌರವವೂ ಇಲ್ಲ.

ಹಾಗಾದರೆ ಗೌರವವನ್ನು ಎಲ್ಲಿಡುವುದು? ಇಂಗ್ಲಿಷ್ ಅದನ್ನು ಪರಿಚಯದ ಸಾಲಿನಲ್ಲಿ ಒಮ್ಮೆ ಕೊಟ್ಟು ಮುಂದೆ ಸಾಗುತ್ತದೆ. ಸರೋಜಮ್ಮನವರು ಎಲ್ಲಿ, ಎಷ್ಟು ವರ್ಷ ಪಾಠ ಹೇಳಿದರು ಎಂದು ಮೊದಲ ವಾಕ್ಯದಲ್ಲೇ ತಂದರೆ ‘ರೆಸ್ಪೆಕ್ಟೆಡ್’ ಎಂಬ ವಿಶೇಷಣ ಮಾಡಲಾಗದ ಕೆಲಸವನ್ನು ಆ ವಿವರ ಮಾಡುತ್ತದೆ.

ಇನ್ನು ಗುರುಗಳು. ಒಬ್ಬರೋ ಹಲವರೋ? ಗಂಡಸೋ ಹೆಂಗಸೋ? ಕನ್ನಡದ ಗೌರವ ಎರಡನ್ನೂ ಮುಚ್ಚಿಡುತ್ತದೆ. ಇಂಗ್ಲಿಷ್ ಎರಡನ್ನೂ ಕೇಳುತ್ತದೆ. ‘ಡಾಕ್ಟರು ಬಂದರು’, ‘ಮಂತ್ರಿಗಳು ಹೊರಟರು’ ಎಂಬಲ್ಲಿಯೂ ಇದೇ ಪಾಡು. ಅನುವಾದಕರು ಇಲ್ಲಿ ಊಹೆ ಮಾಡಬಾರದು. ಮೂಲ ಬರೆದವರನ್ನು ಕೇಳಬೇಕು, ಹಿಂದುಮುಂದಿನ ಪುಟಗಳಲ್ಲಿ ಸುಳಿವು ಹುಡುಕಬೇಕು. ಕೊನೆಗೂ ತಿಳಿಯದಿದ್ದರೆ ಸರ್ವನಾಮವೇ ಬೇಡದಂತೆ ವಾಕ್ಯವನ್ನು ತಿರುಗಿಸಿ ಬರೆಯಬಹುದು, ಇಲ್ಲವೇ ಒಬ್ಬರಿಗೂ ಸಲ್ಲುವ ‘ದೇ’ ಬಳಸಬಹುದು. ಅಚ್ಚಾದ ಮೇಲೆ ಆ ಗುರುಗಳ ಮಕ್ಕಳು ಓದಿ ‘ನಮ್ಮ ತಾಯಿಯನ್ನು ಗಂಡಸು ಮಾಡಿದ್ದೀರಿ’ ಎನ್ನುವಂತಾಗಬಾರದು.

ಎದುರಿಗಿದ್ದವರೊಡನೆ ಆಡುವ ಮಾತಿಗೆ ಬೇರೆ ಉಪಾಯ ಬೇಕು. ‘ಕೂತ್ಕೊಳ್ಳಿ’ ಎಂಬುದರ ಕೊನೆಯ ‘ಇ’ಯಲ್ಲಿ ಮರ್ಯಾದೆ ಇದೆ. ಬರೀ ‘ಸಿಟ್’ ಎಂದರೆ ಅದು ಉಳಿಯುವುದಿಲ್ಲ, ‘ಪ್ಲೀಸ್’ ಬೇಕು, ಅಥವಾ ‘ಡು ಸಿಟ್ ಡೌನ್’ ಎನ್ನಬೇಕು. ಆಮಂತ್ರಣದ ‘ತಾವು ದಯಮಾಡಿಸಬೇಕು’ ಎಂಬುದನ್ನು ‘ಕೈಂಡ್ಲಿ ಗ್ರೇಸ್ ದಿ ಅಕೇಶನ್’ ಎಂದು ಬರೆಯುವ ಅಭ್ಯಾಸ ನಮ್ಮಲ್ಲಿದೆ. ‘ನೀವು ಬಂದರೆ ನಮಗೆ ಸಂತೋಷ’ ಎಂಬರ್ಥದ ಸರಳ ವಾಕ್ಯ, ಅದರಲ್ಲಿ ಒಂದು ‘ವುಡ್’, ಒಂದು ‘ಕುಡ್’ ಇದ್ದರೆ ಸಾಕು. ಇಂಗ್ಲಿಷಿನ ವಿನಯ ಇರುವುದು ಆ ಸಹಾಯಕ ಕ್ರಿಯಾಪದಗಳಲ್ಲಿ. ಬರುವ ಬಾರದಿರುವ ಸ್ವಾತಂತ್ರ್ಯವನ್ನು ಎದುರಿನವರಿಗೇ ಬಿಟ್ಟಂತೆ ಮಾತಾಡುವುದೇ ಅಲ್ಲಿ ಮರ್ಯಾದೆ.

ಕತೆ ಕಾದಂಬರಿಗಳಲ್ಲಿ ನಿಜವಾದ ಪರೀಕ್ಷೆ ‘ಅವರು’ ಇರುವಲ್ಲಿ ಅಲ್ಲ, ಅದು ಕಳಚಿ ಬೀಳುವಲ್ಲಿ. ಒಬ್ಬ ಬಾಡಿಗೆದಾರ ಮನೆ ಮಾಲೀಕರ ಮುಂದೆ ನಿಂತಿದ್ದಾನೆ ಎನ್ನಿ. ಮೊದಲು ‘ರಾಯರೇ, ಇನ್ನೊಂದು ವಾರ ಟೈಮ್ ಕೊಡಿ’ ಎನ್ನುತ್ತಾನೆ. ಸಾಮಾನು ಹೊರಗೆ ಇಟ್ಟದ್ದು ಕಂಡಾಗ ‘ನೀವು ಹೀಗೆ ಮಾಡಬಾರದಿತ್ತು’ ಎನ್ನುತ್ತಾನೆ. ಕೊನೆಗೆ, ‘ಯಾರನ್ನ ಹೆದರಿಸ್ತೀಯೋ ನೀನು?’ ಬಹುವಚನದಿಂದ ಏಕವಚನಕ್ಕೆ ಇಳಿದ ಆ ಕ್ಷಣವೇ ಜಗಳದ ತುದಿ. ಇಂಗ್ಲಿಷಿನಲ್ಲಿ ಮೂರೂ ಕಡೆ ‘ಯು’ ಒಂದೇ. ಆದ್ದರಿಂದ ಇಳಿಜಾರನ್ನು ಬೇರೆ ಮೆಟ್ಟಿಲುಗಳಲ್ಲಿ ಕಟ್ಟಬೇಕು. ಮೊದಲ ಮಾತು ‘ಕುಡ್ ಯು’ ಎಂದು ಶುರುವಾಗಿ ‘ಸರ್’ನಲ್ಲಿ ಮುಗಿಯಲಿ. ಎರಡನೆಯದರಲ್ಲಿ ‘ಸರ್’ ಹೋಗಿ ‘ಮಿಸ್ಟರ್ ರಾವ್’ ಬರಲಿ. ಸಿಟ್ಟಿನಲ್ಲಿ ಹೇಳಿದ ‘ಮಿಸ್ಟರ್’ ಇಂಗ್ಲಿಷಿನಲ್ಲಿ ತಣ್ಣಗಿರುತ್ತದೆ. ಮೂರನೆಯದರಲ್ಲಿ ಬಿರುದೂ ಇಲ್ಲ, ಹೆಸರೂ ಇಲ್ಲ, ಗಿಡ್ಡ ವಾಕ್ಯ ಮಾತ್ರ. ‘ನೀನು’ ಎಂಬ ಪದ ಎಲ್ಲೂ ಇಲ್ಲದಿದ್ದರೂ ಏಟು ಬೀಳುತ್ತದೆ. ಆದರೆ ಇದು ಕೆಲಸ ಮಾಡಬೇಕಾದರೆ ಮೊದಲ ಮಾತಿನಲ್ಲಿ ‘ಸರ್’ ಇಟ್ಟಿರಲೇಬೇಕು.

ಅಕ್ಕ, ಅಜ್ಜಿ, ಮಾವನಂಥ ಸಂಬಂಧದ ಪದಗಳನ್ನು ಹಾಗೇ ಬಿಡುವುದು ಈಗ ಸುಲಭವಾಗಿದೆ. ಬಾನು ಮುಷ್ತಾಕ್ ಅವರ ಕತೆಗಳನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ, 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ‘ಹಾರ್ಟ್ ಲ್ಯಾಂಪ್’ನಲ್ಲಿ ಮೂಲದ ಎಷ್ಟೋ ಪದಗಳನ್ನು ಇಟಾಲಿಕ್ಸ್ ಆಗಲಿ ಅಡಿಟಿಪ್ಪಣಿಯಾಗಲಿ ಇಲ್ಲದೆ ಉಳಿಸಿಕೊಂಡರು.

ಆದರೆ ‘ರೀ’ ಎಂಬ ಕರೆಯನ್ನು ಹಾಗೆ ಬಿಟ್ಟರೆ ಹೊರಗಿನ ಓದುಗರಿಗೆ ಅದು ಬರೀ ಸದ್ದು. ಹಳೆಯ ಕಾಲದ ಮನೆಯನ್ನು ಚಿತ್ರಿಸುವ ಕಾದಂಬರಿಯಲ್ಲಿ ಹೆಂಡತಿ ಗಂಡನಿಗೆ ‘ರೀ, ನೀವು’ ಎನ್ನುತ್ತಾಳೆ, ಗಂಡ ‘ನೀನು’ ಎನ್ನುತ್ತಾನೆ. ಪರರ ಮುಂದೆ ಅವನು ‘ನಮ್ಮ ಮನೆಯವರು’. ಈ ಏರುಪೇರನ್ನು ತೋರಿಸಲು ಒಂದು ನಂಬಬಹುದಾದ ದಾರಿಯಿದೆ: ಗಂಡ ಅವಳನ್ನು ಹೆಸರು ಹಿಡಿದು ಕರೆಯಲಿ, ಅವಳು ಒಮ್ಮೆಯೂ ಅವನ ಹೆಸರೆತ್ತದಿರಲಿ. ‘ರೀ’ ಬಂದಲ್ಲೆಲ್ಲ ‘ಲಿಸನ್’ ಎಂದೋ ಅರ್ಧ ವಾಕ್ಯದಿಂದಲೋ ಮಾತು ಶುರುವಾಗಲಿ. ಮೊದಲ ಅಧ್ಯಾಯದ ಅನುಕೂಲಕ್ಕೆಂದು ಅನುವಾದಕರು ಅವಳ ಬಾಯಲ್ಲಿ ಒಮ್ಮೆ ಗಂಡನ ಹೆಸರು ಹೇಳಿಸಿಬಿಟ್ಟರೆ, ಮುಂದೆಂದೋ ಅವಳು ಸಿಡಿದು ‘ನೀನು’ ಎನ್ನುವ ದಿನ ಬಂದಾಗ ಅದಕ್ಕೆ ಕೊಡಲು ಅವರ ಬಳಿ ಏನೂ ಉಳಿದಿರುವುದಿಲ್ಲ.