ನೆಲ ಒಣಗಿತು, ಗೋಡೆ?

ಜುಲೈನಲ್ಲಿ ಎರಡು ದಿನ ಊರಿಗೆ ಹೋಗಿ ಬೆಂಗಳೂರಿನ ಫ್ಲ್ಯಾಟಿಗೆ ಮರಳಿದಾಗ ಬಾಗಿಲ ಸಂದಿಯಿಂದ ನೀರು ಹರಿದುಬರುತ್ತಿತ್ತು. ವಾಶ್‌ಬೇಸಿನ್ ಕೆಳಗಿನ ಮೊಳದುದ್ದದ ಕನೆಕ್ಷನ್ ಪೈಪು ನಟ್ಟಿನ ಬಳಿ ಒಡೆದಿತ್ತು. ಒಳಗೆ ಕಾಲಿಡುವ ಮೊದಲು ಕೆಳಗಿನ ಮೀಟರ್ ಬೋರ್ಡಿನಲ್ಲಿ ನಮ್ಮ ಮನೆಯ ಕರೆಂಟು ತೆಗೆಸಿದೆ. ನೀರಲ್ಲಿ ನಿಂತು ಸ್ವಿಚ್ಚಿಗೆ ಕೈ ಹಾಕಬಾರದು. ಆಮೇಲೆ ವಾಲ್ವ್ ತಿರುಗಿಸಿ, ವಿಮೆಗೆ ಬೇಕಾದೀತೆಂದು ಫೋಟೊ ತೆಗೆದು, ವೈಪರ್ ಹಿಡಿದೆವು.

ಸಂಜೆಯ ಹೊತ್ತಿಗೆ ಟೈಲ್ಸು ಫಳಫಳ ಹೊಳೆಯುತ್ತಿತ್ತು. ಮೋಸ ಹೋಗುವುದು ಇಲ್ಲೇ. ಗಾರೆ ನೀರನ್ನು ಬತ್ತಿಯ ಹಾಗೆ ಮೇಲಕ್ಕೆ ಹೀರುತ್ತದೆ. ಬೀರುವಿನ ಬೆನ್ನಿಗೆ ಗಾಳಿಯೇ ಆಡುವುದಿಲ್ಲ. ಒದ್ದೆಯಾದ ಜಾಗದಲ್ಲಿ ಬೂಸ್ಟು ಹುಟ್ಟಲು 24ರಿಂದ 48 ಗಂಟೆ ಸಾಕು. ಹಾಗಾಗಿ ಮೊದಲು ಮಾಡಬೇಕಾದದ್ದು ಸಾಮಾನನ್ನೆಲ್ಲ ಗೋಡೆಯಿಂದ ದೂರ ಎಳೆಯುವುದು.

ಅಜ್ಜನ ತೇಗದ ಪೆಟ್ಟಿಗೆಯನ್ನು ಇಟ್ಟಿಗೆಗಳ ಮೇಲೆ ಕೂರಿಸಿ ನೆರಳಲ್ಲೇ ಒಣಗಿಸಿದೆವು, ಬಿಸಿಲಿಗಿಟ್ಟರೆ ಸೀಳುತ್ತದೆ. ಪಾರ್ಟಿಕಲ್ ಬೋರ್ಡಿನ ವಾರ್ಡ್‌ರೋಬಿನ ಬುಡ ಮಾತ್ರ ಚಹಾದಲ್ಲಿ ಅದ್ದಿದ ರಸ್ಕಿನಂತಾಗಿತ್ತು. ಅದು ಮತ್ತೆ ಗಟ್ಟಿಯಾಗುವುದಿಲ್ಲ. ನೀರು ಕುಡಿದ ಹಾಸಿಗೆಯನ್ನೂ ಎಸೆದೆವು.

ಕಿಟಕಿ ತೆರೆದು ಫ್ಯಾನು ಹಾಕಿ ಎನ್ನುವವರೇ ಎಲ್ಲ. ಮಳೆ ಹಿಡಿದ ದಿನ ಹೊರಗಿನ ಗಾಳಿಯೇ ಒದ್ದೆ. ಆಗ ಕಿಟಕಿ ಮುಚ್ಚಿ ಎಸಿ ಅಥವಾ ಡಿಹ್ಯುಮಿಡಿಫೈಯರ್ ಓಡಿಸುವುದೇ ಲೇಸು. ಪುಟ್ಟ ಹೈಗ್ರೋಮೀಟರಿನಲ್ಲಿ ತೇವಾಂಶ ಶೇ 60ಕ್ಕಿಂತ ಕೆಳಗಿರಲಿ, 50ಕ್ಕಿಳಿದರೆ ಇನ್ನೂ ಒಳ್ಳೆಯದು.

ಏಳನೆಯ ದಿನ ವಾರ್ಡ್‌ರೋಬಿದ್ದ ಜಾಗದಲ್ಲಿ ಅಂಗೈಯಗಲ ಕಪ್ಪು ಬೂಸ್ಟು ಕಂಡಿತು. ಬೂಸ್ಟು ಕಂಡ ಮೇಲೆ ಅದರತ್ತ ಫ್ಯಾನು ತಿರುಗಿಸಬಾರದು, ಬೀಜಕಣಗಳು ಮನೆಯಿಡೀ ಹರಡುತ್ತವೆ. ಒಟ್ಟು ಮೂರಡಿ ಅಗಲ, ಮೂರಡಿ ಎತ್ತರದೊಳಗಿದ್ದರೆ ಎನ್-95 ಮಾಸ್ಕು, ಕೈಗವಸು, ಕನ್ನಡಕ ಹಾಕಿಕೊಂಡು ಸೋಪುನೀರಿನಲ್ಲಿ ಉಜ್ಜಿ ನಾವೇ ತೆಗೆಯಬಹುದು. ಹೆಚ್ಚಿದ್ದರೆ ಬಲ್ಲವರನ್ನು ಕರೆಯಿರಿ. ಬ್ಲೀಚನ್ನು ಟಾಯ್ಲೆಟ್ ತೊಳೆಯುವ ಆಸಿಡ್ಡಿನೊಂದಿಗೆ ಬೆರೆಸಿದರೆ ವಿಷಾನಿಲ ಏಳುತ್ತದೆ. ಬರೀ ಪೇಂಟು ಬಳಿದು ಮುಚ್ಚಿದರೆ ಬೂಸ್ಟು ಪದರವನ್ನೇ ಎಬ್ಬಿಸಿಕೊಂಡು ಹೊರಬರುತ್ತದೆ.

ಬಣ್ಣ ಕಪ್ಪೆಂದ ಮಾತ್ರಕ್ಕೆ ಹೆಚ್ಚು ಅಪಾಯಕಾರಿ ಎಂದೇನಿಲ್ಲ. ಯಾರ ಉಸಿರಿಗೆ ಸಿಗುತ್ತದೆ ಎನ್ನುವುದು ಮುಖ್ಯ. ಅನೇಕರಿಗೆ ಸೀನು, ಕಣ್ಣುರಿ. ನಮ್ಮಮ್ಮನಿಗೆ ಆಸ್ತಮಾ; ರಾತ್ರಿ ಎದೆ ಗುಯ್‌ಗುಟ್ಟುತ್ತಿತ್ತು, ಚಿಕ್ಕಮ್ಮನ ಮನೆಯಲ್ಲಿ ಎರಡು ದಿನ ಮಲಗಿದರೆ ಇಳಿಯುತ್ತಿತ್ತು. ಮನೆ ಬಿಟ್ಟರೆ ಹಗುರ, ಮರಳಿದರೆ ಮತ್ತೆ ಶುರು ಎಂದಾದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ಜ್ವರದ ಜೊತೆ ಉಸಿರುಗಟ್ಟಿದರೆ ತಡ ಮಾಡಬಾರದು. ಕೀಮೋ ನಡೆಯುತ್ತಿರುವವರು, ಅಂಗಾಂಗ ಕಸಿ ಆದವರು ಬೂಸ್ಟು ಉಜ್ಜುವಾಗ ಮನೆಯಲ್ಲೇ ಇರಬಾರದು. ಅವರ ಶ್ವಾಸಕೋಶದಲ್ಲಿ ಶಿಲೀಂಧ್ರ ಬೇರೂರಬಹುದು.

ಪೇಂಟರು ನಾಲ್ಕನೇ ದಿನವೇ ಬಂದಿದ್ದ. ನಾನು ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗಂಟಿಸಿದೆ. ಮರುದಿನ ಹಾಳೆಯ ಒಳಬದಿ ಬೆವರಿತ್ತು, ಅಂದರೆ ನೀರಿನ್ನೂ ಗೋಡೆಯೊಳಗಿತ್ತು. ಆ ಹಾಳೆ ಬೆವರದೆ ಉಳಿದದ್ದು ಆರನೆಯ ವಾರ. ಆಗ ಪೇಂಟರಿಗೆ ಫೋನು ಮಾಡಿದೆ.