ಕಾಣೆಯಾದ ತೊಟ್ಟಿ

ಎರಡು ನೀರಿನ ತೊಟ್ಟಿಗಳು, ಒಂದರ ಕೆಳಗೊಂದು. ಪಂಪಿನ ನೀರು ಮೇಲಿನ ತೊಟ್ಟಿಗೆ ಬೀಳುತ್ತದೆ, ಅಲ್ಲಿಂದ ಕೊಳವೆಯ ಮೂಲಕ ಕೆಳಗಿನದಕ್ಕೆ ಇಳಿಯುತ್ತದೆ, ಅಲ್ಲಿಂದ ಹೊರಗೆ ಹರಿದುಹೋಗುತ್ತದೆ. ಇಂಜಿನಿಯರಿಂಗ್ ಕಾಲೇಜುಗಳ ಕಂಟ್ರೋಲ್ ಲ್ಯಾಬುಗಳಲ್ಲಿ ಇಂಥ ಜೋಡಿ ತೊಟ್ಟಿ ಸಾಮಾನ್ಯ. ನೋಡಲು ಏನೂ ವಿಶೇಷವಿಲ್ಲ. ಆದರೆ ಪಂಪನ್ನು ಎಲ್ಲಿ ಜೋಡಿಸುತ್ತೀರಿ, ಮಟ್ಟ ಅಳೆಯುವ ಸೆನ್ಸರನ್ನು ಎಲ್ಲಿ ಕೂರಿಸುತ್ತೀರಿ ಎಂಬುದರ ಮೇಲೆ ಒಂದು ತೊಟ್ಟಿ ಲೆಕ್ಕದಿಂದಲೇ ಮಾಯವಾಗಿಬಿಡಬಹುದು.

ಮೊದಲು ಲೆಕ್ಕ ಬರೆದುಕೊಳ್ಳೋಣ. ಪಂಪು ಎಂದಿನ ವೇಗದಲ್ಲಿ ಓಡುತ್ತಿದ್ದಾಗ ಎರಡೂ ತೊಟ್ಟಿಗಳ ನೀರು ಒಂದೊಂದು ಮಟ್ಟದಲ್ಲಿ ನಿಂತಿರುತ್ತದೆ. ಆ ಮಟ್ಟಕ್ಕೆ ಗುರುತು ಹಾಕಿ, ಅದಕ್ಕಿಂತ ಎಷ್ಟು ಸೆಂಟಿಮೀಟರ್ ಹೆಚ್ಚು ಅಥವಾ ಕಡಿಮೆ ಇದೆ ಎಂಬುದನ್ನಷ್ಟೇ ಬರೆಯುವುದು. ಮೇಲಿನದಕ್ಕೆ h1, ಕೆಳಗಿನದಕ್ಕೆ h2, ಪಂಪಿನ ಹೆಚ್ಚುವರಿ ಹರಿವಿಗೆ u ಎಂದಿರಲಿ. ನಿಜವಾದ ತೊಟ್ಟಿಯಲ್ಲಿ ಹೊರಹರಿವು ನೀರಿನ ಎತ್ತರದ ವರ್ಗಮೂಲವನ್ನು ಅನುಸರಿಸುತ್ತದೆ. ಗುರುತಿನ ಆಸುಪಾಸಿನಲ್ಲಿ ಮಾತ್ರ ಇದ್ದರೆ ಅದನ್ನು ನೇರ ಅನುಪಾತ ಎಂದುಕೊಂಡರೂ ದೊಡ್ಡ ತಪ್ಪಾಗದು. ಒಂದು ಸೆಂಟಿಮೀಟರ್ ಹೆಚ್ಚು ನೀರಿದ್ದರೆ ಮಟ್ಟ ಗಂಟೆಗೆ ಒಂದು ಸೆಂಟಿಮೀಟರಿನಂತೆ ಇಳಿಯುತ್ತದೆ ಎಂದು ಇಟ್ಟುಕೊಳ್ಳಿ. ತೊಟ್ಟಿಗಳೂ ಕೊಳವೆಗಳೂ ಒಂದೇ ಅಳತೆಯವು. ಆಗ ಮಟ್ಟಗಳು ಬದಲಾಗುವ ವೇಗ ಹೀಗಿರುತ್ತದೆ:

```
h1' = -h1 + u
h2' =  h1 - h2
```

ಸ್ಟೇಟ್ ಸ್ಪೇಸ್ ರೂಪ ಎಂದರೆ ಇಷ್ಟೇ. h1 ಮತ್ತು h2 ಸೇರಿ ಈ ವ್ಯವಸ್ಥೆಯ ‘ಸ್ಥಿತಿ’. ಈ ಕ್ಷಣದಲ್ಲಿ ಇವೆರಡು ಗೊತ್ತಿದ್ದು, ಮುಂದೆ ಪಂಪು ಹೇಗೆ ಓಡುತ್ತದೆಂದು ಗೊತ್ತಿದ್ದರೆ ಸಾಕು, ಹಿಂದೆ ಏನು ನಡೆಯಿತೆಂದು ಕೇಳುವ ಅಗತ್ಯವೇ ಇಲ್ಲ. ಸಮೀಕರಣಗಳ ಅಂಕಿಗಳನ್ನು ಪಟ್ಟಿಯಾಗಿ ಜೋಡಿಸಿದರೆ ಎರಡು ಮ್ಯಾಟ್ರಿಕ್ಸ್ ಸಿಗುತ್ತವೆ. ತೊಟ್ಟಿಗಳು ತಮ್ಮತಮ್ಮಲ್ಲಿ ಹೇಗೆ ವರ್ತಿಸುತ್ತವೆ ಎನ್ನುವುದು A, ಪಂಪು ಎಲ್ಲಿ ತಟ್ಟುತ್ತದೆ ಎನ್ನುವುದು B.

```
A = [-1  0]     B = [1]
    [ 1 -1]         [0]
```

ಈಗ ಮೊದಲ ಪ್ರಶ್ನೆ. ಒಂದೇ ಪಂಪಿನಿಂದ ಎರಡು ಮಟ್ಟಗಳನ್ನೂ ಬೇಕಾದ ಕಡೆ ಒಯ್ಯಬಹುದೇ? ಹಂಗೇರಿ ಮೂಲದ ಅಮೆರಿಕನ್ ಗಣಿತಜ್ಞ ರುಡಾಲ್ಫ್ ಕಾಲ್ಮನ್ 1960ರಲ್ಲಿ ಮಾಸ್ಕೋದ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧ ಈ ಪ್ರಶ್ನೆಯನ್ನು ಕಂಟ್ರೋಲಬಿಲಿಟಿ ಎಂಬ ಹೆಸರಿನಲ್ಲಿ ನೆಲೆಗೊಳಿಸಿತು. ಪರೀಕ್ಷೆ ಸರಳ. ಪಂಪು ನೇರವಾಗಿ ತಟ್ಟುವ ದಿಕ್ಕು B. ಆ ತಟ್ಟುವಿಕೆ ತೊಟ್ಟಿಗಳ ಮೂಲಕ ಮುಂದೆ ಸಾಗುವ ದಿಕ್ಕು AB, ಅಂದರೆ A ಮತ್ತು Bಗಳ ಗುಣಲಬ್ಧ. ಇಲ್ಲಿ B ಎಂದರೆ (1, 0), AB ಎಂದರೆ (-1, 1). ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ಡಿಟರ್ಮಿನೆಂಟ್ ತೆಗೆದರೆ 1 ಬರುತ್ತದೆ. ಸೊನ್ನೆಯಲ್ಲ, ಆದ್ದರಿಂದ ಎರಡು ಬೇರೆಬೇರೆ ದಿಕ್ಕುಗಳು ನಮ್ಮ ಕೈಯಲ್ಲಿವೆ. ಪಂಪಿನ ನೀರನ್ನು ಕೆಳಗಿನ ತೊಟ್ಟಿಗೆ ಬಿಟ್ಟರೆ B (0, 1) ಆಗುತ್ತದೆ, AB (0, -1). ಎರಡೂ ಒಂದೇ ಗೆರೆಯ ಮೇಲೆ, ಡಿಟರ್ಮಿನೆಂಟ್ ಸೊನ್ನೆ. ನೀರು ಮೇಲಕ್ಕೆ ಹರಿಯುವುದಿಲ್ಲವಲ್ಲ, ಮೇಲಿನ ತೊಟ್ಟಿ ನಮ್ಮ ಮಾತು ಕೇಳುವುದಿಲ್ಲ.

ಹಾಗೆಂದು ಕಂಟ್ರೋಲಬಿಲಿಟಿಯಿಂದ ಅತಿಯಾಗಿ ನಿರೀಕ್ಷಿಸಬಾರದು. ಮೇಲಿನ ಮಟ್ಟ ಗುರುತಿನಲ್ಲೇ ಇರಬೇಕು, ಕೆಳಗಿನದು 5 ಸೆಂಟಿಮೀಟರ್ ಏರಬೇಕು ಎಂದುಕೊಳ್ಳಿ. ಮೊದಲು ಪಂಪನ್ನು ಜೋರಾಗಿ ಓಡಿಸಿ, ಆಮೇಲೆ ಎಂದಿಗಿಂತ ತಗ್ಗಿಸಿ ಅಲ್ಲಿಗೆ ತಲುಪಬಹುದು. ತಲುಪಿದ ಮರುಕ್ಷಣವೇ ಕೆಳಗಿನ ಮಟ್ಟ ಇಳಿಯತೊಡಗುತ್ತದೆ, ಏಕೆಂದರೆ ಮೇಲಿನಿಂದ ಬರುವುದಕ್ಕಿಂತ ಹೊರಗೆ ಹೋಗುವುದೇ ಹೆಚ್ಚು. ಈ ಜೋಡಿಯಲ್ಲಿ ನಿಂತಲ್ಲೇ ನಿಲ್ಲಬಲ್ಲದ್ದು ಎರಡೂ ಮಟ್ಟ ಸಮ ಇರುವ ಸ್ಥಿತಿ ಮಾತ್ರ. ತಲುಪಬಹುದೇ ಎಂಬುದು ಒಂದು ಪ್ರಶ್ನೆ, ಅಲ್ಲೇ ಉಳಿಯಬಹುದೇ ಎಂಬುದು ಬೇರೆಯೇ. ಪಂಪು ನೀರನ್ನು ವಾಪಸ್ ಹೀರಲಾರದು, ತನ್ನ ಶಕ್ತಿಗಿಂತ ಹೆಚ್ಚು ತಳ್ಳಲಾರದು ಎಂಬ ಮಿತಿಗಳನ್ನೂ ಈ ಪರೀಕ್ಷೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಎರಡನೇ ಪ್ರಶ್ನೆ ಅಳತೆಯದು, ಹೆಸರು ಅಬ್ಸರ್ವಬಿಲಿಟಿ. ಸೆನ್ಸರ್ ಒಂದೇ ಇದೆ, ಎಲ್ಲಿಡೋಣ? ಕೆಳಗಿನ ತೊಟ್ಟಿಯಲ್ಲಿಟ್ಟರೆ ಅಳತೆಯ ಸಾಲು C ಎಂಬುದು (0, 1), CA ಎಂಬುದು (1, -1). ಒಂದರ ಕೆಳಗೊಂದು ಬರೆದರೆ ಡಿಟರ್ಮಿನೆಂಟ್ -1, ಪಾಸಾಯಿತು. ಎರಡನೇ ಸಮೀಕರಣವನ್ನು ತಿರುಗಿಸಿ ಓದಿದರೆ ಕಾರಣ ಕಾಣುತ್ತದೆ: ಮೇಲಿನ ಮಟ್ಟ ಎಂದರೆ ಕೆಳಗಿನ ಮಟ್ಟ ಮತ್ತು ಅದು ಏರುತ್ತಿರುವ ವೇಗ, ಇವೆರಡರ ಮೊತ್ತ. ಕೆಳಗಿನದು ಗುರುತಿಗಿಂತ 6 ಸೆಂಟಿಮೀಟರ್ ಮೇಲಿದ್ದು ಗಂಟೆಗೆ 2ರಂತೆ ಏರುತ್ತಿದ್ದರೆ, ಮೇಲಿನದು 8 ಸೆಂಟಿಮೀಟರ್ ಮೇಲಿರಲೇಬೇಕು. ಏಣಿ ಹತ್ತಿ ನೋಡಬೇಕಿಲ್ಲ.

ಸೆನ್ಸರನ್ನು ಮೇಲಿಟ್ಟರೆ C (1, 0), CA (-1, 0), ಡಿಟರ್ಮಿನೆಂಟ್ ಸೊನ್ನೆ. ಕೆಳಗಿನ ತೊಟ್ಟಿ ತುಂಬಿದ್ದರೂ ಬರಿದಾಗಿದ್ದರೂ ಮೇಲಿನ ನೀರಿಗೆ ಅದರ ಸುದ್ದಿಯೇ ಇಲ್ಲ. ಪಂಪು ಮತ್ತು ಸೆನ್ಸರಿನ ಸಂಬಂಧವನ್ನಷ್ಟೇ ಬರೆಯುವ ಹಳೆಯ ಪದ್ಧತಿ, ಟ್ರಾನ್ಸ್‌ಫರ್ ಫಂಕ್ಷನ್, ಇಲ್ಲಿ 1/(s+1) ಎಂದು ಉತ್ತರ ಕೊಡುತ್ತದೆ. ಅದು ಒಂದೇ ಒಂದು ತೊಟ್ಟಿಯ ಸೂತ್ರ. ಎರಡನೆಯದು ಎದುರಿಗೇ ಇದ್ದರೂ ಕಾಗದದಲ್ಲಿಲ್ಲ. ಅದರ ಹೊರಕೊಳವೆ ಕಟ್ಟಿಕೊಂಡು ನೀರು ಉಕ್ಕುತ್ತಿದ್ದರೂ ಸೆನ್ಸರಿನ ಗ್ರಾಫ್ ನೆಮ್ಮದಿಯಾಗಿರುತ್ತದೆ. ಕಾಲ್ಮನ್ನರ ಎರಡು ಪರೀಕ್ಷೆಗಳು ಹಿಡಿದುಕೊಟ್ಟದ್ದು ಇಂಥ ಕಾಣೆಯಾದ ತೊಟ್ಟಿಗಳನ್ನೇ.

ಪಾಸಾದ ಜಾಗದಲ್ಲೂ ಒಂದು ತೊಡಕಿದೆ. ವೇಗವನ್ನು ತಿಳಿಯುವುದು ಹೇಗೆ? ಹತ್ತು ನಿಮಿಷ ಬಿಟ್ಟು ಎರಡು ಸಲ ಮಟ್ಟ ಓದಿ ಕಳೆಯಬಹುದು. ಸೆನ್ಸರಿನಲ್ಲಿ ಅರ್ಧ ಸೆಂಟಿಮೀಟರ್ ಆಚೀಚೆ ಇದ್ದರೆ ಎರಡು ಓದುಗಳ ನಡುವೆ ಒಂದು ಸೆಂಟಿಮೀಟರ್ ತಪ್ಪಾಗಬಹುದು. ಗಂಟೆಯ ಲೆಕ್ಕಕ್ಕೆ ಅದು 6 ಸೆಂಟಿಮೀಟರ್! ನಮಗೆ ಬೇಕಾದ ಉತ್ತರವೇ 8. ಅದಕ್ಕೇ ಯಾರೂ ಹೀಗೆ ನೇರವಾಗಿ ಕಳೆಯಲು ಹೋಗುವುದಿಲ್ಲ. ತೊಟ್ಟಿಗಳ ಸಮೀಕರಣಗಳನ್ನೇ ಕಂಪ್ಯೂಟರಿನಲ್ಲಿ ಓಡಿಸಿ, ನಿಜವಾದ ಪಂಪಿಗೆ ಕೊಟ್ಟ ಹರಿವನ್ನೇ ಅದಕ್ಕೂ ಕೊಟ್ಟು, ಅದು ಊಹಿಸಿದ ಕೆಳಮಟ್ಟಕ್ಕೂ ಸೆನ್ಸರ್ ಹೇಳಿದ್ದಕ್ಕೂ ಇರುವ ವ್ಯತ್ಯಾಸದಿಂದ ಊಹೆಯನ್ನು ಸ್ವಲ್ಪಸ್ವಲ್ಪವೇ ತಿದ್ದುತ್ತಾ ಹೋಗುತ್ತಾರೆ. 1964ರಲ್ಲಿ ಡೇವಿಡ್ ಲ್ಯೂನ್‌ಬರ್ಗರ್ ವಿವರಿಸಿದ ಈ ಏರ್ಪಾಡಿಗೆ ಅಬ್ಸರ್ವರ್ ಎಂದು ಹೆಸರು. ಅಬ್ಸರ್ವಬಿಲಿಟಿ ಪರೀಕ್ಷೆ ಫೇಲಾದಲ್ಲಿ ಇದೂ ನೆರವಿಗೆ ಬಾರದು. ಬಾರದ ಸುದ್ದಿಯನ್ನು ತಿದ್ದಿ ಪ್ರಯೋಜನವೇನು?

ತೊಟ್ಟಿಗಳನ್ನು ಅಕ್ಕಪಕ್ಕ ಇಟ್ಟು, ಒಂದೇ ಪಂಪಿನ ನೀರನ್ನು ಸಮನಾಗಿ ಹಂಚಿದರೆ ಕಥೆ ಇನ್ನೊಂದು ಬಗೆ. ಪ್ರತಿಯೊಂದರ ಮಟ್ಟವೂ -h + u ವೇಗದಲ್ಲಿ ಬದಲಾಗುತ್ತದೆ, B (1, 1), AB (-1, -1), ಮತ್ತೆ ಸೊನ್ನೆ. ಎರಡು ಮಟ್ಟಗಳ ಅಂತರದ ಸಮೀಕರಣ ಬರೆದರೆ u ಹೊಡೆದುಹೋಗುತ್ತದೆ. ಈಗ 10 ಸೆಂಟಿಮೀಟರ್ ಇರುವ ಅಂತರ ಒಂದು ಗಂಟೆಯಲ್ಲಿ ಸುಮಾರು 3.7ಕ್ಕೆ ಇಳಿಯುತ್ತದೆ, ನೀವು ಪಂಪನ್ನು ಹೇಗೇ ಓಡಿಸಿ. ತಾನಾಗಿ ಕರಗುವುದರಿಂದ ಅಪಾಯವಿಲ್ಲ, ಆದರೆ ನಿಮ್ಮ ಹಿಡಿತದಲ್ಲೂ ಇಲ್ಲ.

ನಿಜ ಜಗತ್ತಿನಲ್ಲಿ ಎರಡು ಕೊಳವೆಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಇರುವುದುಂಟೇ? ಎರಡನೆಯದು ನೂರಕ್ಕೊಂದು ಪಾಲು ಹೆಚ್ಚು ಹರಿಸುತ್ತದೆ ಎನ್ನಿ, ದರ 1.01. ಡಿಟರ್ಮಿನೆಂಟ್ -0.01 ಆಗುತ್ತದೆ. ಸೊನ್ನೆಯಲ್ಲ, ಹಾಗಾಗಿ ಪುಸ್ತಕದ ಪ್ರಕಾರ ವ್ಯವಸ್ಥೆ ಕಂಟ್ರೋಲಬಲ್. ಈಗ ಎರಡರ ನಡುವೆ ಬರೀ ಒಂದು ಸೆಂಟಿಮೀಟರ್ ಅಂತರವನ್ನು ಕಾಯ್ದುಕೊಳ್ಳಲು ನೋಡಿ. u 101ಕ್ಕೆ ಏರಬೇಕು, ಮಟ್ಟಗಳು ಗುರುತಿಗಿಂತ 101 ಮತ್ತು 100 ಸೆಂಟಿಮೀಟರ್ ಮೇಲೆ ಹೋಗಿ ನಿಲ್ಲಬೇಕು. ಅಷ್ಟರೊಳಗೆ ತೊಟ್ಟಿ ತುಂಬಿ ಹೊರಚೆಲ್ಲಿರುತ್ತದೆ, ಗುರುತಿನ ಆಸುಪಾಸಿಗೆಂದು ಬರೆದ ನೇರ ಅನುಪಾತದ ಸಮೀಕರಣವೂ ಅಲ್ಲಿಗೆ ಸಲ್ಲುವುದಿಲ್ಲ. ಹೌದು-ಇಲ್ಲ ಎಂಬ ಉತ್ತರಕ್ಕಿಂತ ಸೊನ್ನೆಗೆ ಎಷ್ಟು ಹತ್ತಿರ ಎಂಬುದನ್ನೇ ಇಂಜಿನಿಯರುಗಳು ಹೆಚ್ಚು ನೋಡುವುದು ಇದಕ್ಕೇ. ಎರಡನೇ ತೊಟ್ಟಿಗೆ ದಪ್ಪ ಕೊಳವೆ ಹಾಕಿ ಹೊರಹರಿವಿನ ದರವನ್ನು 2 ಮಾಡಿದರೆ ಡಿಟರ್ಮಿನೆಂಟ್ -1, ಅದೇ ಒಂದು ಸೆಂಟಿಮೀಟರ್ ಅಂತರಕ್ಕೆ u 2 ಇದ್ದರೆ ಸಾಕು.