ಸ್ಕ್ರೀನ್‌ಶಾಟ್‌ನ ಕೆಂಪು ಮಂಕಾಗುವುದೇಕೆ?

ಚಿತ್ರದ ಕಡತದಲ್ಲಿರುವುದು ಬಣ್ಣವಲ್ಲ, ಅಂಕಿಗಳು. ಅವನ್ನು ಯಾವ ಅಳತೆಯಲ್ಲಿ ಓದಬೇಕೆಂದು ತಿಳಿಸುವುದು ಜೊತೆಗಿರುವ ಬಣ್ಣದ ಪ್ರೊಫೈಲ್. ವೆಬ್‌ಪುಟಗಳ ಸಾಮಾನ್ಯ ಅಳತೆ sRGB. ಈಚಿನ ಹಲವು ಮ್ಯಾಕ್‌ಬುಕ್‌ಗಳ ಪರದೆ ಅದಕ್ಕಿಂತ ವಿಶಾಲವಾದ Display P3 ವ್ಯಾಪ್ತಿಯದು.

ಪುಟದಲ್ಲಿ 255, 0, 0 ಎಂದಿರುವ ಅಚ್ಚಗೆಂಪನ್ನು ಇಂಥ ಪರದೆಗೆ ಹೊಂದಿಸಿದಾಗ ಅದು ಸುಮಾರು 234, 51, 35 ಆಗುತ್ತದೆ. ಸ್ಕ್ರೀನ್‌ಶಾಟ್‌ನಲ್ಲಿ ಉಳಿಯುವುದು ಈ ಅಂಕಿಗಳು, ಜೊತೆಗೆ ಪರದೆಯ ಪ್ರೊಫೈಲ್. ಪ್ರೊಫೈಲ್ ಓದುವ ಆ್ಯಪ್‌ನಲ್ಲಿ ಬಣ್ಣ ಸರಿಯಾಗಿಯೇ ಕಾಣುತ್ತದೆ. ಕಳಿಸುವಾಗ ಪ್ರೊಫೈಲ್ ಕಳಚಿಹೋದರೆ ಅವೇ ಅಂಕಿಗಳನ್ನು sRGB ಎಂದು ಓದಲಾಗುತ್ತದೆ. ಕೆಂಪು ಮಂಕಾಗಿ ಇಟ್ಟಿಗೆಯತ್ತ ವಾಲುತ್ತದೆ. ಬಿಳಿ, ಬೂದು ಮಾತ್ರ ಹೆಚ್ಚುಕಡಿಮೆ ಹಾಗೆಯೇ ಇರುತ್ತವೆ. ದೋಷ ಪತ್ತೆಗೆ ಇದೇ ಒಳ್ಳೆಯ ಸುಳಿವು.

ಪ್ರೊಫೈಲ್ ಕಳೆದುಕೊಂಡ ಕಡತಕ್ಕೆ ಮೂಲ ಪ್ರೊಫೈಲನ್ನು ಮತ್ತೆ ಅಂಟಿಸಬೇಕು, ಅಂಕಿಗಳನ್ನು ಮುಟ್ಟಬಾರದು. ಕಳಿಸುವ ಮುನ್ನವಾದರೆ sRGBಗೆ ಪರಿವರ್ತಿಸಬೇಕು, ಆಗ ಅಂಕಿಗಳೇ ಬದಲಾಗುತ್ತವೆ. ಇವೆರಡನ್ನು ಅದಲುಬದಲು ಮಾಡಿದರೆ ಬಣ್ಣ ತಪ್ಪಾಗಿಯೇ ಕಾಣುತ್ತದೆ.